ನಾಲ್ಕು ಸೆಕೆಂಡಿಗೆ ಎಷ್ಟು ಮಾತು?

ಸಾಕ್ಷ್ಯಚಿತ್ರದ ಎಡಿಟ್ ‘ಲಾಕ್’ ಆಯಿತೆಂದರೆ ಯಾವ ಶಾಟ್ ಎಷ್ಟು ಹೊತ್ತು ಎನ್ನುವುದು ಇನ್ನು ಬದಲಾಗುವುದಿಲ್ಲ. ನಡುವೆ ಒಂದು ಸೆಕೆಂಡ್ ಸೇರಿಸಿದರೂ ಅದರ ಮುಂದಿನ ಸಂಗೀತ, ಸದ್ದು ಎಲ್ಲವೂ ಜರುಗಬೇಕಾಗುತ್ತದೆ. ಹಾಗಾಗಿ ಬಗ್ಗಬೇಕಾದದ್ದು ನಿರೂಪಣೆಯ ಮಾತು.

ಬರಹಗಾರ ಮೊದಲು ಪ್ರತಿ ಶಾಟ್‌ ಶುರುವಾಗುವ, ಮುಗಿಯುವ ಸಮಯವನ್ನು ಎಡಗಡೆ ಬರೆದುಕೊಂಡು, ಬಲಗಡೆ ಮಾತು ಕೂರಿಸುತ್ತಾನೆ. ಕನ್ನಡದಲ್ಲಿ ಪದ ಎಣಿಸಿ ಪ್ರಯೋಜನವಿಲ್ಲ. ‘ಈ’ ಕೂಡ ಒಂದು ಪದ, ‘ತೆಗೆಯಲಾಗುತ್ತದೆ’ ಕೂಡ ಒಂದು ಪದ. ಅಕ್ಷರ ಎಣಿಸಬೇಕು. ಸಾವಧಾನದ ಓದಿಗೆ ಸೆಕೆಂಡಿಗೆ ಸುಮಾರು 5 ಅಕ್ಷರ ಎಂದಿಟ್ಟುಕೊಳ್ಳಬಹುದು. ಓದುವವರ ದನಿಗೆ ತಕ್ಕಂತೆ ಇದು ಹೆಚ್ಚುಕಡಿಮೆ ಆಗುತ್ತದೆ.

ಮಂಡ್ಯ ಕಡೆಯ ಆಲೆಮನೆಯ ಚಿತ್ರ ಎಂದುಕೊಳ್ಳಿ. ಎರಡು ಶಾಟ್‌, ತಲಾ 4 ಸೆಕೆಂಡ್. ಮೊದಲನೆಯದರಲ್ಲಿ ಕುದಿಯುವ ಕೊಪ್ಪರಿಗೆಗೆ ಸುಣ್ಣ ಬೀಳುತ್ತದೆ, ಎರಡನೆಯದರಲ್ಲಿ ಜಾಲರಿ ಕೊಳೆ ಎತ್ತುತ್ತದೆ. ಮೊದಲು ಬರೆದ ವಾಕ್ಯ ಇದು: ‘ಮಂಡ್ಯ ಜಿಲ್ಲೆಯ ಈ ಆಲೆಮನೆಯಲ್ಲಿ ಕೊಪ್ಪರಿಗೆಯಲ್ಲಿ ಕುದಿಯುತ್ತಿರುವ ಕಬ್ಬಿನ ಹಾಲಿಗೆ ಸುಣ್ಣ ಬೆರೆಸಿ, ಮೇಲೆ ತೇಲುವ ಕಲ್ಮಶವನ್ನು ಜಾಲರಿಯಿಂದ ತೆಗೆಯಲಾಗುತ್ತದೆ.’ 57 ಅಕ್ಷರ, ಅಂದರೆ 11 ಸೆಕೆಂಡಿಗೂ ಹೆಚ್ಚು. ಉದ್ದ ಒಂದೇ ತೊಂದರೆಯಲ್ಲ. ‘ಸುಣ್ಣ’ ಎನ್ನುವ ಹೊತ್ತಿಗೆ ಸುಣ್ಣದ ಶಾಟ್ ಹೋಗಿಯೇ ಬಿಟ್ಟಿರುತ್ತದೆ. ಕನ್ನಡದ ಕ್ರಿಯಾಪದ ಕೊನೆಗೆ ಬರುವುದರಿಂದ, ಕೆಲಸ ಪರದೆಯ ಮೇಲೆ ಮುಗಿದ ಮೇಲೆ ಅದರ ಮಾತು ಬರುತ್ತದೆ.

ಇಲ್ಲಿ ನಾಲ್ಕು ಪದ ಕತ್ತರಿಸಿದರೆ ಸಾಲದು, ವಾಕ್ಯವನ್ನೇ ಒಡೆಯಬೇಕು. ಕೊಪ್ಪರಿಗೆ ಕಣ್ಣೆದುರೇ ಇದೆ, ಹೇಳಬೇಕಿಲ್ಲ. ಮಂಡ್ಯದ ಹೆಸರು ಹಿಂದಿನ ಕಬ್ಬಿನ ಗದ್ದೆಯ ಉದ್ದನೆಯ ಶಾಟ್‌ಗೆ ಹೋಗಲಿ. ಉಳಿದದ್ದು, ಮೊದಲ ಶಾಟ್‌ಗೆ: ‘ಕುದಿಯುವ ಹಾಲಿಗೆ ಒಂದಿಷ್ಟು ಸುಣ್ಣ.’ 12 ಅಕ್ಷರ. ಎರಡನೆಯದಕ್ಕೆ: ‘ಕೊಳೆ ಮೇಲೆದ್ದಿತು. ಇನ್ನು ಜಾಲರಿಯ ಕೆಲಸ.’ 15 ಅಕ್ಷರ. ಪ್ರತಿ ಶಾಟ್‌ನಲ್ಲೂ ಒಂದು ಸೆಕೆಂಡಾದರೂ ಉಳಿಯಿತು. ಅದನ್ನು ತುಂಬಿಸುವ ಆಸೆ ಬೇಡ. ಹಾಲು ಕೊತಕೊತ ಕುದಿಯುವ ಸದ್ದು ಕೇಳಬೇಕಾದದ್ದು ಅಲ್ಲೇ. ಮಾತು ಕಟ್ ಆದ ತಕ್ಷಣ ಹಾರಿ ಬೀಳದೆ, ಅರೆ ಸೆಕೆಂಡ್ ಬಿಟ್ಟು ಶುರುವಾದರೆ ನೋಡುವವರ ಕಣ್ಣು ಹೊಸ ಚಿತ್ರಕ್ಕೆ ಒಗ್ಗುತ್ತದೆ.

‘ಸ್ವಲ್ಪ ಬೇಗ ಓದಿದರಾಯಿತು ಬಿಡಿ’ ಎನ್ನುವವರು ಇದ್ದೇ ಇರುತ್ತಾರೆ. ಹಾಗೆ ಓದಿಸಿದ್ದು ಕಿವಿಗೆ ಸಿಕ್ಕಿಬೀಳುತ್ತದೆ: ಕೊನೆಯ ‘ತ್ತದೆ’ ನುಂಗಿಹೋಗುತ್ತದೆ, ಎರಡು ವಾಕ್ಯದ ನಡುವೆ ಏದುಸಿರು ಕೇಳುತ್ತದೆ. ಅದಕ್ಕೇ ಸ್ಟುಡಿಯೋಗೆ ಹೋಗುವ ಮುಂಚೆ ಬರಹಗಾರ ತನ್ನ ದನಿಯಲ್ಲೇ ಫೋನಿನಲ್ಲಿ ಓದಿ, ಚಿತ್ರದ ಕೆಳಗೆ ಇಟ್ಟು ನೋಡುವುದು. ಮನಸ್ಸಿನಲ್ಲೇ ಓದಿಕೊಂಡರೆ ಯಾವ ವಾಕ್ಯವೂ ಗಿಡ್ಡವಾಗಿಯೇ ತೋರುತ್ತದೆ.

ಇಸವಿಗಳ ಲೆಕ್ಕವಂತೂ ಬೇರೆಯೇ. ಕಾಗದದಲ್ಲಿ 1924 ನಾಲ್ಕು ಅಂಕಿ. ಬಾಯಲ್ಲಿ ‘ಸಾವಿರದ ಒಂಬೈನೂರ ಇಪ್ಪತ್ನಾಲ್ಕು’, 12 ಅಕ್ಷರ, ಎರಡೂವರೆ ಸೆಕೆಂಡ್. ಆದ್ದರಿಂದ ಅಂಕಿಗಳನ್ನೆಲ್ಲ ಮಾತಿನಲ್ಲಿ ಬರೆದುಕೊಂಡೇ ಎಣಿಸಬೇಕು. ಅಷ್ಟಾದರೂ ಹಿಡಿಸದಿದ್ದರೆ ಇಸವಿಯನ್ನು ಪರದೆಯ ಮೂಲೆಯಲ್ಲಿ ಬರೆದು ತೋರಿಸಿ, ಮಾತಿನಿಂದ ಕೈಬಿಡುವುದುಂಟು.