ಕುಗ್ಗಿದ್ದು ವಯಸ್ಸಿಗಲ್ಲ, ಬೆನ್ನುಮೂಳೆ ಕುಸಿದು

ನಮ್ಮಲ್ಲಿಗೆ ಬಹಳ ಕಾಲದಿಂದ ಬರುವ 71 ವರ್ಷದ ತಾಯಿಯೊಬ್ಬರು ಈಚೆಗೆ ನನಗೊಂದು ಪತ್ರ ಬರೆದರು. ಅವರ ಒಪ್ಪಿಗೆ ಪಡೆದೇ ಅದನ್ನು ಇಲ್ಲಿ ಕೊಡುತ್ತಿದ್ದೇನೆ.

“ಡಾಕ್ಟರೇ, ನಮಸ್ಕಾರ. ಮೂವತ್ತು ವರ್ಷದ ಹಿಂದೆ ಎಲ್‌ಐಸಿ ಪಾಲಿಸಿ ಮಾಡಿಸಿದಾಗ ನನ್ನ ಎತ್ತರ 155 ಸೆಂ.ಮೀ. ಅಂತ ಬರೆದಿದ್ದರು. ಮೊನ್ನೆ ನಿಮ್ಮ ಕ್ಲಿನಿಕ್ಕಿನಲ್ಲಿ ಅಳೆದಾಗ 149 ಬಂತು. ಸೀರೆ ಉಟ್ಟರೆ ನೆರಿಗೆ ಕಾಲಿಗೆ ಸಿಕ್ಕುತ್ತದೆ, ಮೇಲಿನ ಗೂಡಿನ ಡಬ್ಬಿ ಕೈಗೆ ಎಟುಕುವುದಿಲ್ಲ. ಊಟ ಕಡಿಮೆ ಮಾಡಿದರೂ ಹೊಟ್ಟೆ ಮುಂದೆ ಬಂದಿದೆ. ಎರಡು ವರ್ಷದ ಹಿಂದೆ ನೀರಿನ ಬಕೆಟ್ ಎತ್ತುವಾಗ ಬೆನ್ನು ಹಿಡಿದುಕೊಂಡು ಮೂರು ವಾರ ಮಲಗಿದ್ದೆ. ಉಳುಕು ಅಂದುಕೊಂಡು ಎಣ್ಣೆ ಹಚ್ಚಿಸಿಕೊಂಡೆ. ನಿಮ್ಮಮ್ಮನಿಗೂ ಕೊನೆಗಾಲಕ್ಕೆ ಬೆನ್ನು ಗೂನಾಗಿತ್ತಲ್ಲ, ವಯಸ್ಸಾದ ಮೇಲೆ ಎಲ್ಲರೂ ಕುಗ್ಗುತ್ತಾರೆ ಅಂತಾರೆ ಮನೆಯವರು. ದಿನಾ ಕ್ಯಾಲ್ಸಿಯಂ ಮಾತ್ರೆ ನುಂಗುತ್ತೇನೆ, ಎಲ್ಲೂ ಬಿದ್ದಿಲ್ಲ. ಮತ್ತೆ ಆರು ಸೆಂಟಿಮೀಟರ್ ಎಲ್ಲಿ ಹೋಯಿತು?”

ಪತ್ರ ಓದಿ ಅವರನ್ನು ಕರೆಸಿಕೊಂಡೆ, ಪರೀಕ್ಷೆಗಳನ್ನೂ ಮಾಡಿಸಿದೆ. ಇದೇ ಅನುಮಾನ ಅನೇಕ ಮನೆಗಳಲ್ಲಿ ಇರುವುದರಿಂದ ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಬರೆಯುತ್ತಿದ್ದೇನೆ.

ತಪ್ಪು ಕಲ್ಪನೆ: ವಯಸ್ಸಾದರೆ ಎಲ್ಲರೂ ಕುಗ್ಗುತ್ತಾರೆ, ಅದಕ್ಕೆ ಪರೀಕ್ಷೆ ಬೇಕಿಲ್ಲ.

ಸತ್ಯ: ಸ್ವಲ್ಪ ಕುಗ್ಗುವುದು ಸಹಜ, ನಿಜ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳಲ್ಲಿ ವಯಸ್ಸಾದಂತೆ ನೀರಿನಂಶ ಇಳಿದು ಅವು ತೆಳ್ಳಗಾಗುತ್ತವೆ. ನಲವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಹೀಗೆ ಹೋಗಬಹುದು, ಎಪ್ಪತ್ತರ ನಂತರ ಇನ್ನೂ ಸ್ವಲ್ಪ ಬೇಗ. ಆದರೆ ಪ್ರಾಯದ ಎತ್ತರಕ್ಕಿಂತ 4 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದು. ಬೆನ್ನುಮೂಳೆಯ ಎಕ್ಸ್‌ರೇ ತೆಗೆಸಲೇಬೇಕು.

ಹಳೆಯ ಅಳತೆ ಸರಿಯಿತ್ತೋ ಇಲ್ಲವೋ ಎಂಬ ಅನುಮಾನ ಬರುವುದು ಸಹಜ. ಅದಕ್ಕೊಂದು ಉಪಾಯವಿದೆ. ಕೈಕಾಲಿನ ಉದ್ದ ಮೂಳೆಗಳು ವಯಸ್ಸಿಗೆ ಗಿಡ್ಡವಾಗುವುದಿಲ್ಲ. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಅಳೆದರೆ ಅದು ಹೆಚ್ಚುಕಡಿಮೆ ಪ್ರಾಯದ ಎತ್ತರಕ್ಕೆ ಸಮನಾಗಿರುತ್ತದೆ. ಈ ತಾಯಿಯ ಅಳತೆ 156 ಬಂತು. ಪಾಲಿಸಿಯಲ್ಲಿ ಬರೆದ 155 ನಂಬುವಂಥದ್ದೇ. ಎತ್ತರ ಹೋಗಿರುವುದು ಕಾಲಿನಲ್ಲಲ್ಲ, ಬೆನ್ನಿನಲ್ಲಿ.

ತಪ್ಪು ಕಲ್ಪನೆ: ಬಿದ್ದರೆ ಮಾತ್ರ ಮೂಳೆ ಮುರಿಯುತ್ತದೆ, ಮುರಿದರೆ ಗೊತ್ತಾಗದೇ ಇರುವುದಿಲ್ಲ.

ಸತ್ಯ: ಬೆನ್ನುಮೂಳೆಯ ಮಣಿ ಕೈ ಮುರಿದ ಹಾಗೆ ಎರಡು ತುಂಡಾಗುವುದಿಲ್ಲ, ಅದು ಕುಸಿಯುತ್ತದೆ. ಮಣಿಯ ಒಳಭಾಗ ಸಣ್ಣ ಎಲುಬಿನ ಎಳೆಗಳ ಜಾಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿದಂತೆ ಆ ಎಳೆಗಳು ತೆಳುವಾಗಿ ಅಲ್ಲಲ್ಲಿ ಕಡಿಯುತ್ತವೆ. ಇದೇ ಆಸ್ಟಿಯೋಪೊರೋಸಿಸ್. ಆಮೇಲೆ ಬಕೆಟ್ ಎತ್ತಿದರೂ ಸಾಕು, ಜೋರಾಗಿ ಕೆಮ್ಮಿದರೂ ಸಾಕು, ಮಣಿಯ ಮುಂಭಾಗ ಜಗ್ಗಿಬಿಡಬಹುದು. ಇಂಥ ಮೂರು ಕುಸಿತಗಳಲ್ಲಿ ಸುಮಾರು ಎರಡು ವೈದ್ಯರ ಗಮನಕ್ಕೇ ಬರುವುದಿಲ್ಲ. ನೋವಿದ್ದರೂ ಉಳುಕು, ವಾಯು ಎಂದು ಕೆಲವು ವಾರ ಕಳೆದುಹೋಗುತ್ತದೆ.

ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಈ ತಾಯಿಯ ಎದೆಭಾಗದ ಹನ್ನೆರಡನೇ ಮಣಿ ಮುಂದೆ ಮೂರನೇ ಒಂದರಷ್ಟು ತಗ್ಗಿತ್ತು. ಎದೆಯೂ ಸೊಂಟವೂ ಕೂಡುವ ಆ ಜಾಗ ಇಂಥ ಕುಸಿತಕ್ಕೆ ತೀರ ಸಾಮಾನ್ಯ. ಬಕೆಟ್ ದಿನದ ‘ಉಳುಕು’ ಅದೇ ಇರಬೇಕು. ಆದರೆ ಎಂಟನೇ ಮಣಿಯೂ ಕುಸಿದಿತ್ತು, ಅದು ಯಾವಾಗ ಆಯಿತೆಂದು ಅವರಿಗೆ ನೆನಪೇ ಇಲ್ಲ. ಮಣಿಯ ಹಿಂಭಾಗ ಹಾಗೇ ಇದ್ದು ಮುಂಭಾಗ ಮಾತ್ರ ತಗ್ಗುವುದರಿಂದ ಬೆನ್ನು ಮುಂದಕ್ಕೆ ಬಾಗುತ್ತದೆ. ಕುಸಿದ ಮಣಿ, ತೆಳುವಾದ ಡಿಸ್ಕ್, ಬಾಗಿದ ಬೆನ್ನು ಎಲ್ಲ ಸೇರಿ ಆರು ಸೆಂಟಿಮೀಟರ್. ಹೊಟ್ಟೆ ಮುಂದೆ ಬಂದದ್ದಕ್ಕೂ ಇದೇ ಕಾರಣ: ಪಕ್ಕೆಲುಬಿನ ಕೆಳಅಂಚಿಗೂ ಸೊಂಟದ ಮೂಳೆಗೂ ನಡುವೆ ಎರಡು ಬೆರಳಷ್ಟೂ ಜಾಗ ಉಳಿದಿರಲಿಲ್ಲ. ಅದು ಕೊಬ್ಬಲ್ಲ, ಜಾಗವಿಲ್ಲದೆ ಮುಂದೆ ತಳ್ಳಿಕೊಂಡ ಹೊಟ್ಟೆ.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಅವರ ಸೊಂಟದ ಟಿ-ಸ್ಕೋರ್ ಮೈನಸ್ 2.1 ಇತ್ತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಹಾಗಾದರೆ ಇವರು ಪಾರಾದರೇ? ಇಲ್ಲ. ಇಷ್ಟು ಸಣ್ಣ ಶ್ರಮಕ್ಕೆ ಮಣಿ ಕುಸಿದಿದೆಯೆಂದರೆ ಅಂಕಿ ಏನೇ ಹೇಳಲಿ, ಮೂಳೆ ಬಲಹೀನವೆಂದೇ ಲೆಕ್ಕ.

ಕ್ಷಯ, ಮಜ್ಜೆಯ ಕ್ಯಾನ್ಸರ್, ಬಹುಕಾಲ ನುಂಗಿದ ಸ್ಟೀರಾಯ್ಡ್ ಮಾತ್ರೆಗಳಿಂದಲೂ ಮಣಿ ಕುಸಿಯಬಹುದು. ಅದಕ್ಕಾಗಿಯೇ ರಕ್ತಪರೀಕ್ಷೆಗಳನ್ನು ಮಾಡಿಸಿದೆವು. ಇವರಲ್ಲಿ ಅಂಥದ್ದೇನೂ ಇರಲಿಲ್ಲ. ಬೆನ್ನುನೋವಿನ ಜೊತೆ ಜ್ವರ, ತೂಕ ಇಳಿಯುವುದು, ಕಾಲಿನ ಬಲ ಕುಂದುವುದು, ಮೂತ್ರ ಕಟ್ಟುವುದು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಪ್ಪು ಕಲ್ಪನೆ: ದಿನಾ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಸಾಕು.

ಸತ್ಯ: ಕ್ಯಾಲ್ಸಿಯಂ ಬೇಕು, ಆದರೆ ಒಮ್ಮೆ ಕುಸಿದ ಮೇಲೆ ಅದೊಂದರಿಂದಲೇ ಮುಂದಿನ ಕುಸಿತ ತಪ್ಪುವುದಿಲ್ಲ. ಮಣಿಯೊಂದು ಹೊಸದಾಗಿ ಕುಸಿದ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಇನ್ನೊಂದು ಕುಸಿಯುತ್ತದೆ. ಹೋದ ಎತ್ತರ ಯಾವ ಔಷಧದಿಂದಲೂ ಮರಳದು. ಔಷಧ ಇರುವುದು ಉಳಿದ ಮಣಿಗಳನ್ನು ಕಾಯಲು.

ಈ ತಾಯಿಯಲ್ಲಿ ವಿಟಮಿನ್ ಡಿ ಕಡಿಮೆಯಿತ್ತು, ಮೊದಲು ಅದನ್ನು ಸರಿಪಡಿಸಿದೆವು. ಆಮೇಲೆ ವಾರಕ್ಕೊಮ್ಮೆ 70 ಮಿ.ಗ್ರಾಂ. ಅಲೆಂಡ್ರೊನೇಟ್ ಕೊಟ್ಟೆವು. ಈ ಮಾತ್ರೆಯ ಕ್ರಮ ಕಟ್ಟುನಿಟ್ಟು. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನಲ್ಲಿ ನುಂಗಬೇಕು. ಅರ್ಧ ಗಂಟೆ ಮಲಗಬಾರದು. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಹುಣ್ಣು ಮಾಡೀತು. ಆ ಅರ್ಧ ಗಂಟೆ ಕಾಫಿ, ಹಾಲು, ತಿಂಡಿ, ಕ್ಯಾಲ್ಸಿಯಂ ಮಾತ್ರೆ ಯಾವುದೂ ಕೂಡದು. ಜೊತೆಗೆ ತೆಗೆದುಕೊಂಡರೆ ಔಷಧ ಮೈಗೆ ಹತ್ತುವುದೇ ಇಲ್ಲ. ಮೂತ್ರಪಿಂಡ ದುರ್ಬಲವಾಗಿರುವವರಿಗೆ, ಅನ್ನನಾಳದ ತೊಂದರೆಯಿರುವವರಿಗೆ ಈ ಮಾತ್ರೆ ಒಗ್ಗುವುದಿಲ್ಲ. ಅಂಥವರಿಗೆ ಬೇರೆ ಔಷಧಗಳಿವೆ, ಆಯ್ಕೆ ವೈದ್ಯರದು.

ತಪ್ಪು ಕಲ್ಪನೆ: ಬಗ್ಗಿದ ಬೆನ್ನಿಗೆ ಯಾವ ಆಸನವಾದರೂ ಒಳ್ಳೆಯದು, ಇಲ್ಲವೇ ಮಲಗಿರುವುದೇ ಮೇಲು.

ಸತ್ಯ: ಎರಡೂ ತಪ್ಪು. ಮಲಗಿದಷ್ಟೂ ಮೂಳೆ ಇನ್ನೂ ಸವೆಯುತ್ತದೆ. ಪಶ್ಚಿಮೋತ್ತಾನಾಸನದಂತೆ ಮುಂದಕ್ಕೆ ಬಗ್ಗುವ ಆಸನಗಳಲ್ಲಿ ಭಾರವೆಲ್ಲ ಮಣಿಯ ಮುಂಭಾಗಕ್ಕೇ ಬೀಳುತ್ತದೆ, ಅದೇ ಕುಸಿಯುವ ಜಾಗ. ಇವರಿಗೆ ದಿನವೂ ನಡಿಗೆ, ಗೋಡೆಗೆ ಬೆನ್ನೊತ್ತಿ ನಿಂತು ಭುಜ ಹಿಂದಕ್ಕೆ ಎಳೆಯುವುದು, ಕುರ್ಚಿಯಿಂದ ಕೈಯೂರದೆ ಏಳುವುದನ್ನು ಫಿಸಿಯೋಥೆರಪಿಸ್ಟ್ ಕಲಿಸಿದರು. ತುಂಬಿದ ಬಕೆಟ್ ಇನ್ನು ಮನೆಯ ಬೇರೆಯವರು ಎತ್ತಬೇಕು.

ಅಮ್ಮ, ಅತ್ತೆ, ಅಜ್ಜಿಯ ಎತ್ತರವನ್ನು ವರ್ಷಕ್ಕೊಮ್ಮೆ ಬೆಳಗ್ಗೆ, ಚಪ್ಪಲಿಯಿಲ್ಲದೆ ಗೋಡೆಗೆ ನಿಲ್ಲಿಸಿ ಅಳೆದು ಬರೆದಿಡಿ. ಪ್ರಾಯದ ಎತ್ತರಕ್ಕಿಂತ 4 ಸೆಂ.ಮೀ. ಅಥವಾ ಈಚಿನ ಒಂದೆರಡು ವರ್ಷಗಳಲ್ಲೇ 2 ಸೆಂ.ಮೀ. ಇಳಿದಿದ್ದರೆ, ನೋವಿಲ್ಲದಿದ್ದರೂ ಬೆನ್ನಿನ ಎಕ್ಸ್‌ರೇ ಬೇಕೇ ಎಂದು ವೈದ್ಯರನ್ನು ನೀವಾಗಿಯೇ ಕೇಳಿ.