ಐದು ಯೂನಿಟ್‌ಗೆ ಸಾವಿರದ ನಾನೂರು ರೂಪಾಯಿ

ಕಲಬುರಗಿಯ ಓದುಗರೊಬ್ಬರು ತಮ್ಮ ಎರಡು ತಿಂಗಳ ಕರೆಂಟ್ ಬಿಲ್ಲುಗಳ ಫೋಟೊ ಕಳಿಸಿ ಕೇಳಿದ್ದಾರೆ: ‘ಏಪ್ರಿಲ್‌ನಲ್ಲಿ 198 ಯೂನಿಟ್ ಖರ್ಚಾಗಿತ್ತು, ಮುನ್ನೂರ ಚಿಲ್ಲರೆ ಕಟ್ಟಿದೆವು. ಮೇನಲ್ಲಿ ಬರೀ ಐದು ಯೂನಿಟ್ ಜಾಸ್ತಿ, ಸಾವಿರದ ಏಳುನೂರು ದಾಟಿದೆ. ಮೀಟರ್ ಓಡ್ತಾ ಇದೆಯಾ? ಸ್ಲ್ಯಾಬ್ ದಾಟಿದ್ದಕ್ಕೆ ಹೀಗಾಯಿತಾ?’

ಮೀಟರ್ ಓಡಿಲ್ಲ. ಸ್ಲ್ಯಾಬೂ ಅಲ್ಲ, ಏಕೆಂದರೆ ಈಗ ಕರ್ನಾಟಕದ ಮನೆ ಬಿಲ್ಲಿನಲ್ಲಿ ಸ್ಲ್ಯಾಬೇ ಇಲ್ಲ!

‘ಸ್ಲ್ಯಾಬ್ ದಾಟಿದರೆ ಮೊದಲ ಯೂನಿಟ್‌ನಿಂದಲೇ ಜಾಸ್ತಿ ದರ’ ಎಂದು ನಮ್ಮ ಬೀದಿಗಳಲ್ಲಿ ಹತ್ತಾರು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ. 2023ರ ಮೊದಲು ಇದು ಶುದ್ಧ ತಪ್ಪು ತಿಳಿವಳಿಕೆ. ಆಗ ಮೊದಲ ಐವತ್ತು ಯೂನಿಟ್‌ಗೆ ಒಂದು ದರ, ಮುಂದಿನ ಐವತ್ತಕ್ಕೆ ಇನ್ನೊಂದು, ಅಲ್ಲಿಂದಾಚೆಗೆ ಮತ್ತೊಂದು. ಗೆರೆ ದಾಟಿದ ಯೂನಿಟ್‌ಗೆ ಮಾತ್ರ ಹೆಚ್ಚು ದರ ಬೀಳುತ್ತಿತ್ತು. ಹಿಂದಿನವು ಹಳೆಯ ದರದಲ್ಲೇ ಇರುತ್ತಿದ್ದವು. ಒಂದು ಯೂನಿಟ್ ಹೆಚ್ಚಾದರೆ ಬಿಲ್ಲು ಕೆಲವೇ ರೂಪಾಯಿ ಏರುತ್ತಿತ್ತು. ಆದರೆ 2023–24ರಲ್ಲಿ ಆ ತಪ್ಪು ತಿಳಿವಳಿಕೆಯೇ ನಿಜವಾಗಿಬಿಟ್ಟಿತು. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಆ ವರ್ಷ ಎರಡೇ ಮೆಟ್ಟಿಲು ಇಟ್ಟಿತು: ನೂರು ಯೂನಿಟ್‌ವರೆಗೆ ತಲಾ 4.75 ರೂಪಾಯಿ, ನೂರು ದಾಟಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ. ನೂರು ಯೂನಿಟ್‌ಗೆ 475, ನೂರ ಒಂದಕ್ಕೆ 707! ಆಗ ಜನ ಬಿಲ್ಲು ಹಿಡಿದು ಕಚೇರಿಗಳಿಗೆ ನುಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. 2024ರ ಏಪ್ರಿಲ್‌ನಿಂದ ಆ ಮೆಟ್ಟಿಲುಗಳೂ ಹೋದವು, ಎಲ್ಲರಿಗೂ ಒಂದೇ ದರ ಬಂತು. 2025ರ ಏಪ್ರಿಲ್‌ನಲ್ಲಿ ಆ ದರ ಯೂನಿಟ್‌ಗೆ 5.80 ರೂಪಾಯಿಗೆ ಇಳಿಯಿತು. ಓದುಗರ ಬಿಲ್ಲುಗಳು ಆ ವರ್ಷದವು.

ಹಾಗಾದರೆ ಐದು ಯೂನಿಟ್‌ಗೆ ಈ ನೆಗೆತ ಎಲ್ಲಿಂದ? ಗೃಹಜ್ಯೋತಿಯಿಂದ. ಈ ಯೋಜನೆ ಎಲ್ಲರಿಗೂ ಇನ್ನೂರು ಯೂನಿಟ್ ಪುಕ್ಕಟೆ ಕೊಡುವುದಿಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದ್ದು ನಿಮ್ಮ ಅರ್ಹ ಪಾಲು. (ತೀರಾ ಕಡಿಮೆ ಬಳಸುವವರಿಗೆ ಶೇ 10ರ ಬದಲು ಹತ್ತು ಯೂನಿಟ್ ಸೇರಿಸುವ ತಿದ್ದುಪಡಿ ಆಮೇಲೆ ಬಂತು.) ಈ ಓದುಗರ ಸರಾಸರಿ 130, ಹಾಗಾಗಿ ಪಾಲು 143. ಅದರೊಳಗಿದ್ದರೆ ಬಿಲ್ಲು ಸೊನ್ನೆ. 143ಕ್ಕೂ 200ಕ್ಕೂ ನಡುವೆ ಇದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ದುಡ್ಡು. ಏಪ್ರಿಲ್‌ನಲ್ಲಿ ಅವರು ಕಟ್ಟಿದ್ದು ಹೀಗೆ ಮೀರಿದ 55 ಯೂನಿಟ್‌ಗೆ. ಇನ್ನೂರು ದಾಟಿತೋ, ಆ ತಿಂಗಳ ಮಟ್ಟಿಗೆ ರಿಯಾಯಿತಿಯೇ ಇಲ್ಲ, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್ಲು.

ಮೇ ತಿಂಗಳ ಬಿಲ್ಲನ್ನು ಸಾಲುಸಾಲಾಗಿ ನೋಡಿ. 203 ಯೂನಿಟ್‌ಗೆ ತಲಾ 5.80ರಂತೆ 1,177 ರೂಪಾಯಿ. ಅದರ ಮೇಲೆ ಶೇ 9 ವಿದ್ಯುತ್ ತೆರಿಗೆ, 106. ವಿದ್ಯುತ್ ಕಂಪನಿಗಳ ನಿವೃತ್ತ ನೌಕರರ ಪಿಂಚಣಿಗೆಂದು ಯೂನಿಟ್‌ಗೆ 36 ಪೈಸೆ, ಅದು 73. ಕೊನೆಗೆ ನಿಗದಿತ ಶುಲ್ಕ 435. ಒಟ್ಟು 1,791. ಇಂಧನ ಹೊಂದಾಣಿಕೆ ಶುಲ್ಕ ಎಂಬ ಇನ್ನೊಂದು ಸಾಲು ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಆ 435 ರೂಪಾಯಿಯ ಮೇಲೆ ಎಲ್ಲರಿಗೂ ಸಿಟ್ಟು. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ರಿಯಾಯಿತಿ ಇಲ್ಲದವರಿಗೆ ಇದು ತಪ್ಪುವುದಿಲ್ಲ. ಇದು ನೀವು ಬಳಸಿದ ಕರೆಂಟಿನ ಬೆಲೆಯಲ್ಲ, ಬೇಕೆಂದಾಗ ಇಷ್ಟು ಕರೆಂಟ್ ಸಿಗಲಿ ಎಂದು ನಿಮಗಾಗಿ ಕಾದಿರಿಸಿದ ತಂತಿ, ಟ್ರಾನ್ಸ್‌ಫಾರ್ಮರ್, ಸ್ಥಾವರಗಳ ಬಾಬ್ತು. ಆದ್ದರಿಂದಲೇ ಇದನ್ನು ಯೂನಿಟ್ ಲೆಕ್ಕದಲ್ಲಿ ಹಾಕದೆ ‘ಮಂಜೂರಾದ ಲೋಡ್’ ಲೆಕ್ಕದಲ್ಲಿ ಹಾಕುತ್ತಾರೆ: ಈ ಬಿಲ್ಲಿನಲ್ಲಿ ಕಿಲೋವಾಟ್‌ಗೆ 145ರಂತೆ ಮೂರು ಕಿಲೋವಾಟ್. ಬಿಲ್ಲಿನಲ್ಲಿ ‘ಗರಿಷ್ಠ ಬೇಡಿಕೆ’ ಎಂಬ ಅಂಕಿ ಇದ್ದರೆ ಅದನ್ನು ಇದರ ಪಕ್ಕ ಇಟ್ಟು ನೋಡಿ. ಕಾಲು ಗಂಟೆಯದೋ ಅರ್ಧ ಗಂಟೆಯದೋ ಸರಾಸರಿ ತೆಗೆದು, ತಿಂಗಳಲ್ಲಿ ಅತಿ ಹೆಚ್ಚು ಎಳೆದ ಹೊತ್ತನ್ನು ಮೀಟರ್ ನೆನಪಿಟ್ಟುಕೊಂಡಿರುತ್ತದೆ. ವರ್ಷವಿಡೀ ಅದು ಎರಡರ ಕೆಳಗೇ ಇದ್ದರೆ ಲೋಡ್ ಇಳಿಸಿಕೊಳ್ಳಲು ಅರ್ಜಿ ಹಾಕಬಹುದು. ಗೀಸರ್ ಉರಿಯುವಾಗಲೇ ಇಸ್ತ್ರಿ ಹಾಕುವ ಮನೆಯವರು ಆ ಆಸೆ ಬಿಡುವುದು ಒಳ್ಳೆಯದು.

ಇನ್ನು ನನಗೆ ತುಂಬ ಇಷ್ಟದ ಭಾಗ. ಇದೇ ಮನೆಯ ಬಳಕೆ ಫೆಬ್ರವರಿಯಲ್ಲಿ 140 ಇದ್ದದ್ದು ಮೇನಲ್ಲಿ 203 ಆಗಿದ್ದು ಹೇಗೆ? ಕೂಲರ್ ದಿನಕ್ಕೆ ಆರು ಗಂಟೆ, ತಿಂಗಳಿಗೆ 32 ಯೂನಿಟ್. ಎರಡು ಫ್ಯಾನ್ ಎಂಟೆಂಟು ಗಂಟೆ ಹೆಚ್ಚಿಗೆ, 36. ಗೀಸರ್ ನಿಂತದ್ದರಿಂದ 30 ಉಳಿತಾಯ. ಕೂಡಿ ಕಳೆದರೆ 38 ಮಾತ್ರ. ಉಳಿದ 25 ಯೂನಿಟ್ ಬಹುಪಾಲು ಫ್ರಿಜ್‌ನದು. ‘ಫ್ರಿಜ್ ವರ್ಷವಿಡೀ ಆನ್ ಇರುತ್ತದಲ್ಲ, ಅದು ಹೇಗೆ ಜಾಸ್ತಿ ತಿನ್ನುತ್ತದೆ?’ ಎಂದು ಎಲ್ಲರೂ ಕೇಳುತ್ತಾರೆ. ಪ್ಲಗ್ ಆನ್ ಇರುತ್ತದೆ ನಿಜ, ಒಳಗಿನ ಕಂಪ್ರೆಸರ್ ಮಾತ್ರ ಬೇಕೆಂದಾಗಷ್ಟೇ ಓಡುತ್ತದೆ.

ಫ್ರಿಜ್ಜಿನ ಒಳಗೆ 4 ಡಿಗ್ರಿ. ಫೆಬ್ರವರಿಯಲ್ಲಿ ಅಡುಗೆಮನೆ 27 ಡಿಗ್ರಿ ಇದ್ದರೆ ಅಂತರ 23. ಮೇನಲ್ಲಿ 37 ಆದರೆ ಅಂತರ 33. ಗೋಡೆಗಳ ಮೂಲಕ ಒಳನುಸುಳುವ ಶಾಖ ಅಂತರದ ಜೊತೆಗೇ ಏರುತ್ತದೆ, ಇಲ್ಲಿ ಸುಮಾರು ಒಂದೂವರೆ ಪಟ್ಟು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆ ಶಾಖವನ್ನು ಹೊರಗೆ ಎಸೆಯಬೇಕಾದ ಜಾಗವೂ ಈಗ ಹೆಚ್ಚು ಬಿಸಿ. ಬಾವಿ ಆಳವಾದಷ್ಟೂ ಒಂದೊಂದು ಕೊಡಕ್ಕೂ ಹೆಚ್ಚು ಸೇದಬೇಕಾಗುವಂತೆ, ಅಷ್ಟೇ ಶಾಖ ಹೊರಹಾಕಲು ಈಗ ಹೆಚ್ಚು ಕರೆಂಟ್ ಬೇಕು. ಹೀಗೆ ಕೊಡಗಳೂ ಹೆಚ್ಚು, ಬಾವಿಯೂ ಆಳ. ಎರಡೂ ಗುಣಿಸಿಕೊಂಡಾಗ ಫೆಬ್ರವರಿಯಲ್ಲಿ ದಿನಕ್ಕೆ ಒಂದು ಯೂನಿಟ್ ತಿನ್ನುತ್ತಿದ್ದ ಹಳೆಯ ಫ್ರಿಜ್ ಮೇನಲ್ಲಿ ಒಂದು ಮುಕ್ಕಾಲಕ್ಕೂ ಹೆಚ್ಚು ತಿನ್ನುತ್ತದೆ. ಗೋಡೆಗೆ ಅಂಟಿಸಿ ನಿಲ್ಲಿಸಿದ್ದರೆ, ಬಾಗಿಲ ರಬ್ಬರು ಸಡಿಲವಾಗಿದ್ದರೆ ಇನ್ನೂ ಹೆಚ್ಚು. ಎ.ಸಿ.ಯದೂ ಇದೇ ಕತೆ, ದೊಡ್ಡ ಪ್ರಮಾಣದಲ್ಲಿ.

ಮೀಟರ್ ಮೇಲೆ ಅನುಮಾನ ಉಳಿದಿದ್ದರೆ ಅದರ ಕೆಂಪು ದೀಪ ನೋಡಿ. ಮುಖಫಲಕದಲ್ಲಿ 3200 imp/kWh ಎಂದಿದ್ದರೆ ಒಂದು ಯೂನಿಟ್‌ಗೆ ಆ ದೀಪ 3200 ಸಲ ಮಿಣುಕುತ್ತದೆ ಎಂದರ್ಥ. ಎಲ್ಲ ಆರಿಸಿ ಫ್ರಿಜ್ ಒಂದನ್ನೇ ಬಿಟ್ಟು, ಕಂಪ್ರೆಸರ್ ಗುಂಯ್‌ಗುಟ್ಟುವಾಗ ಎಣಿಸಿ. ಏಳೆಂಟು ಸೆಕೆಂಡಿಗೊಮ್ಮೆ ಮಿಣುಕಿದರೆ ಫ್ರಿಜ್ ಎಳೆಯುತ್ತಿರುವುದು ಸುಮಾರು 150 ವಾಟ್. ಎರಡು ಸಾವಿರ ವಾಟ್‌ನ ಗೀಸರ್ ಹಾಕಿದರೆ ಸೆಕೆಂಡಿಗೆ ಹತ್ತಿರಹತ್ತಿರ ಎರಡು ಸಲ. ಮೀಟರಿನಿಂದ ಈಚೆಗಿರುವ ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ದೀಪ ಮಿಣುಕುತ್ತಲೇ ಇದ್ದರೆ ಮಾತ್ರ ದೂರು ಕೊಡಿ. ಅಯಸ್ಕಾಂತ ಇಟ್ಟರೆ ಮೀಟರ್ ನಿಧಾನವಾಗುತ್ತದೆ ಎನ್ನುವ ಪಂಡಿತರನ್ನು ಮಾತ್ರ ನಂಬಬೇಡಿ. ಇಂದಿನ ಮೀಟರುಗಳು ಅಂಥ ಕಿತಾಪತಿಯನ್ನು ದಾಖಲಿಸಿಡುತ್ತವೆ, ಮೇಲಾಗಿ ಅದು ವಿದ್ಯುತ್ ಕಳವಿನ ಅಪರಾಧ.

ಕಲಬುರಗಿಯವರಿಗೆ ನನ್ನ ಸಲಹೆ ಇಷ್ಟು: ಬಿಲ್ಲು ಬಂದ ಹದಿನೈದನೇ ದಿನಕ್ಕೆ ಮೀಟರಿನ ಅಂಕಿ ಬರೆದುಕೊಳ್ಳಿ. ಹಿಂದಿನ ರೀಡಿಂಗ್ ಕಳೆದು ದಿನದ ಲೆಕ್ಕ ಹಾಕಿ. ದಿನಕ್ಕೆ ಆರೂವರೆ ಯೂನಿಟ್ ಮೀರುತ್ತಿದ್ದರೆ ಇನ್ನೂರು ದಾಟುವ ದಾರಿಯಲ್ಲಿದ್ದೀರಿ, ಇನ್ನುಳಿದ ಹದಿನೈದು ದಿನ ಕೂಲರನ್ನು ಒಂದು ಗಂಟೆ ಮೊದಲೇ ಆರಿಸಿ. ಹಾಗೆ ಮಾಡಿದ್ದರೆ ಮೇನಲ್ಲಿ ಉಳಿಯುತ್ತಿದ್ದದ್ದು ಮೂರು ಯೂನಿಟ್‌ಗಿಂತ ಕಡಿಮೆ, ಅದೊಂದೇ ಸಾಲುತ್ತಿರಲಿಲ್ಲ. ಆದ್ದರಿಂದ ಜೊತೆಗೆ ಫ್ರಿಜ್ಜನ್ನೂ ಗೋಡೆಯಿಂದ ಒಂದು ಗೇಣು ಮುಂದೆ ಎಳೆದು ಅದರ ಬೆನ್ನಿಗೂ ಗಾಳಿ ಆಡಲು ಬಿಡಿ.