‘ಅಲ್ಲಲ್ಲ’ ಎಂದಲ್ಲಿ ಕತ್ತರಿ ನಿಲ್ಲಲಿ

ಕೆಎಎಸ್ ಪರೀಕ್ಷೆಗೆ ಓದುವವರ ಫೋನಿನಲ್ಲಿ ಮುದ್ರಿಸಿಕೊಂಡ ಪಾಠಗಳಿಗೆ ಬರವಿಲ್ಲ. ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯವೂ ಅದೇ ಫೋನಿನಲ್ಲಿದೆ. ಆದರೆ ಹಾಗೆ ಇಳಿಸಿದ ಪಠ್ಯವನ್ನು ಓದಲು ಕೂತರೆ ಪುಟಗಳು ಮುಗಿಯುತ್ತವೆಯೇ ಹೊರತು ವಿಷಯ ಕೈಗೆ ಸಿಗುವುದಿಲ್ಲ. ಸಂವಿಧಾನದ ಪಾಠವೊಂದು ಸಾಮಾನ್ಯವಾಗಿ ಈ ಧಾಟಿಯಲ್ಲಿರುತ್ತದೆ:

“ಓಕೆ, ಸೋ, ಮುನ್ನೂರ ಐವತ್ತಾರು. ಮುನ್ನೂರ ಐವತ್ತಾರು ಅಂದ್ರೆ ಏನಪ್ಪಾ, ರಾಜ್ಯದಲ್ಲಿ, ಅಂದ್ರೆ ಸಂವಿಧಾನದ ಪ್ರಕಾರ ಸರ್ಕಾರ ನಡ್ಸೋಕೆ ಆಗ್ತಿಲ್ಲ, ಗೊತ್ತಾಯ್ತಾ, ಅಂತ ರಾಷ್ಟ್ರಪತಿಗಳಿಗೆ ಮನವರಿಕೆ ಆದ್ರೆ, ರಾಜ್ಯಪಾಲರ ವರದಿ ಮೇಲೆ, ವರದಿ ಇಲ್ದೇನೂ ಆಗ್ಬಹುದು, ಆಯ್ತಾ, ಘೋಷಣೆ ಹೊರಡಿಸ್ತಾರೆ. ಹೊರಡಿಸಿದ್ಮೇಲೆ ಒಂದು ತಿಂಗಳೊಳಗೆ, ಅಲ್ಲಲ್ಲ, ಒಂದು ತಿಂಗಳು ಮುನ್ನೂರ ಐವತ್ತೆರಡಕ್ಕೆ, ಇಲ್ಲಿ ಎರಡು ತಿಂಗಳು, ಎರಡು ತಿಂಗಳೊಳಗೆ ಎರಡೂ ಸದನ ಒಪ್ಪಬೇಕು. ಒಪ್ಪಿದ್ರೆ ಆರು ತಿಂಗಳು. ಮತ್ತೆ ಆರು, ಮತ್ತೆ ಆರು, ಹಿಂಗೆ ಮೂರು ವರ್ಷ. ಆದ್ರೆ ಒಂದು ವರ್ಷ ದಾಟಿದ್ಮೇಲೆ ಸುಮ್ನೆ ಆಗಲ್ಲ, ಎರಡು ಷರತ್ತಿದೆ, ನಾಳೆ ಹೇಳ್ತೀನಿ. ಪ್ರಿಲಿಮ್ಸ್‌ಗೆ ಬಂದೇ ಬರುತ್ತೆ ಇದು.”

ಮೇಷ್ಟ್ರು ಎದುರಿಗಿದ್ದಾಗ ಇದರಲ್ಲಿ ಯಾವ ತೊಡಕೂ ಇರಲಿಲ್ಲ. ‘ಗೊತ್ತಾಯ್ತಾ’ ಎಂದು ಅವರು ನಿಂತಾಗಲೇ ನಾವು ಬರೆದುಕೊಳ್ಳುತ್ತಿದ್ದುದು. ಕಾಗದಕ್ಕೆ ಬಂದ ಮೇಲೆ ಆ ನಿಲುಗಡೆಗಳಿಗೆ ಕೆಲಸವಿಲ್ಲ. ಹಾಗಾಗಿ ಎಲ್ಲರೂ ಮೊದಲು ಕೈಹಾಕುವುದು ‘ಸೋ’, ‘ಸರಿ’, ‘ಆಯ್ತಾ’, ‘ನೋಡಿ’ಗಳಿಗೆ. ಕಂಪ್ಯೂಟರಿನಲ್ಲಿ ಹುಡುಕಿ ಒಂದೇ ಏಟಿಗೆ ಅಳಿಸುವ ಆಸೆಯೂ ಆಗುತ್ತದೆ. ಆದರೆ ‘ಸರಿ’ಯನ್ನು ಹಾಗೆ ಅಳಿಸಿದರೆ ‘ರಾಷ್ಟ್ರಪತಿಗಳ ಹೆಸರಿನಲ್ಲಿ’ ಇದ್ದದ್ದು ‘ರಾಷ್ಟ್ರಪತಿಗಳ ಹೆನಲ್ಲಿ’ ಆಗಿ ಕೂರುತ್ತದೆ, ‘ಸೋ’ ಹೋದರೆ ‘ವಿಶ್ವಾಸಮತದಲ್ಲಿ ಸೋತರೆ’ ಎಂಬಲ್ಲಿ ‘ತರೆ’ ಮಾತ್ರ ಉಳಿಯುತ್ತದೆ. ಒಂದೊಂದನ್ನೂ ನೋಡಿಯೇ ಅಳಿಸಬೇಕು. ಅದಕ್ಕೆ ಹಿಡಿಯುವ ಸಮಯ ದಂಡವಲ್ಲ, ಏಕೆಂದರೆ ಇಂಥ ಪದಗಳ ಸಂದಿಯಲ್ಲೇ ಮುಖ್ಯವಾದದ್ದು ಅಡಗಿರುತ್ತದೆ. ಮೇಲಿನ ತುಣುಕಿನ ‘ವರದಿ ಇಲ್ದೇನೂ ಆಗ್ಬಹುದು’ ಎಂಬ ಮಾತನ್ನೇ ನೋಡಿ. ದನಿ ತಗ್ಗಿಸಿ ಪಕ್ಕಕ್ಕೆ ಹೇಳಿದಂತಿರುವ ಅದು 356ನೇ ವಿಧಿಯಲ್ಲೇ ಇರುವ ಅಂಶ, ಬಹು ಆಯ್ಕೆಯ ಪ್ರಶ್ನೆಗೆ ಹೇಳಿ ಮಾಡಿಸಿದ್ದು.

ಅಳಿಸುವ ಮೊದಲು ಪೆನ್ಸಿಲ್ ಹಿಡಿದು ಎರಡನ್ನು ಗುರುತು ಮಾಡಿಕೊಳ್ಳುವುದು ಒಳ್ಳೆಯದು: ಎಲ್ಲ ಸಂಖ್ಯೆಗಳು, ಮತ್ತು ‘ಅಲ್ಲ’, ‘ಇಲ್ಲ’, ‘ಆಗಲ್ಲ’, ‘ಆದ್ರೆ’ಯಂಥ ತಿರುವುಗಳು. ಮಾತಾಡುವವರು ತಮ್ಮನ್ನು ತಾವೇ ತಿದ್ದಿಕೊಳ್ಳುವುದು ಇಂಥ ತಿರುವಿನಲ್ಲೇ. ‘ಒಂದು ತಿಂಗಳೊಳಗೆ, ಅಲ್ಲಲ್ಲ’ ಎಂಬಲ್ಲಿ ‘ಅಲ್ಲಲ್ಲ’ವನ್ನು ತೊದಲೆಂದು ತೆಗೆದುಬಿಟ್ಟರೆ ಒಂದು ಮತ್ತು ಎರಡು ತಿಂಗಳು ಎರಡೂ ಟಿಪ್ಪಣಿಯಲ್ಲಿ ಉಳಿದು ಜಗಳಕ್ಕೆ ನಿಲ್ಲುತ್ತವೆ. ಇನ್ನು, ತಪ್ಪಿ ಬಂದ ಮಾತೆಂದು ಇಡೀ ವಾಕ್ಯವನ್ನೇ ಎಸೆದರೆ ಒಂದು ಸರಿಯಾದ ಅಂಶ ಕೈಬಿಡುತ್ತದೆ. ರಾಷ್ಟ್ರೀಯ ತುರ್ತುಪರಿಸ್ಥಿತಿಯ 352ನೇ ವಿಧಿಗೆ ಒಂದು ತಿಂಗಳ ಗಡುವು ಇರುವುದು ನಿಜ. ಹಾಗಾಗಿ ಅದನ್ನು ಅಳಿಸುವ ಬದಲು ಅದರ ಜಾಗಕ್ಕೆ, ಅಂದರೆ 352ರ ಟಿಪ್ಪಣಿಗೆ, ಸಾಗಿಸಬೇಕು.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಬರುವುದು ಅಳಿಸುವಾಗಲ್ಲ, ವಾಕ್ಯ ಕಟ್ಟುವಾಗ. ‘ಒಪ್ಪಿದ್ರೆ ಆರು ತಿಂಗಳು’ ಎಂದಷ್ಟೇ ಮೇಷ್ಟ್ರು ಹೇಳಿದ್ದು. ಅಚ್ಚುಕಟ್ಟಾಗಿ ಬರೆಯಲು ಹೊರಟ ವಿದ್ಯಾರ್ಥಿ ಅದನ್ನು ‘ಸದನಗಳು ಒಪ್ಪಿದ ದಿನದಿಂದ ಆರು ತಿಂಗಳು ಜಾರಿಯಲ್ಲಿರುತ್ತದೆ’ ಎಂದು ಬರೆಯುತ್ತಾನೆ. ಕನ್ನಡ ಚೆನ್ನಾಯಿತು, ಕಾನೂನು ಕೆಟ್ಟಿತು. ಈಗಿರುವ 356ನೇ ವಿಧಿಯಲ್ಲಿ ಆರು ತಿಂಗಳ ಲೆಕ್ಕ ಶುರುವಾಗುವುದು ಘೋಷಣೆ ಹೊರಡಿಸಿದ ದಿನದಿಂದ. ಎರಡನೆಯ ಸದನ ಒಪ್ಪಿದ ದಿನದಿಂದ ಎಣಿಸುವುದು 352ರಲ್ಲಿ. ಮಾತಿನಲ್ಲಿ ಬಿಟ್ಟಿದ್ದ ಸಂದನ್ನು ಬರೆದವನು ತನ್ನ ಊಹೆಯಿಂದ ತುಂಬಿದ, ಮುಂದೆ ಓದುವಾಗ ಅದು ಮೇಷ್ಟ್ರ ಮಾತಾಗಿಯೇ ಕಾಣುತ್ತದೆ. ಇಂಥ ಕಡೆ ‘ಯಾವ ದಿನದಿಂದ?’ ಎಂದು ಅಂಚಿನಲ್ಲಿ ಬರೆದಿಟ್ಟು ಸಂವಿಧಾನದ ಮೂಲಪಾಠ ತೆರೆಯುವುದೇ ದಾರಿ. ಮೂಲದಿಂದ ಸೇರಿಸಿದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದರೆ ಯಾವುದು ತರಗತಿಯದು, ಯಾವುದು ನಮ್ಮದು ಎಂಬುದೂ ತಿಳಿದಿರುತ್ತದೆ.

ಹೇಳಿದ್ದನ್ನೇ ಹೇಳುವುದರ ಬಗ್ಗೆಯೂ ಅವಸರದ ತೀರ್ಪು ಬೇಡ. ‘ಎರಡು ತಿಂಗಳು, ಎರಡು ತಿಂಗಳೊಳಗೆ’ ಎಂಬುದು ಬರೀ ಒತ್ತು, ಒಂದು ಸಾಕು. ಆದರೆ ಅದೇ ತರಗತಿಯಲ್ಲಿ ಎಸ್.ಆರ್. ಬೊಮ್ಮಾಯಿ ಪ್ರಕರಣ ಮೂರು ಸಲ ಬಂದಿತೆನ್ನಿ. 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರ ವಜಾ ಆದದ್ದು ನಮ್ಮ ರಾಜ್ಯದ್ದೇ ಕಥೆಯಾದ್ದರಿಂದ ಮೇಷ್ಟ್ರು ಅದಕ್ಕೆ ಮರಳಿ ಮರಳಿ ಬರುವುದು ಸಹಜ. ಮೊದಲ ಸಲ, ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು ಎಂದರು. ಅರ್ಧ ಗಂಟೆ ಬಿಟ್ಟು, ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದರು. ಕೊನೆಗೆ ಗಂಟೆ ಬಾರಿಸುವ ಹೊತ್ತಿಗೆ, ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ವಿನಾ ವಿಸರ್ಜಿಸುವಂತಿಲ್ಲ ಎಂದರು. ಮೂರೂ ಸಲ ಮುನ್ನುಡಿ ಒಂದೇ: ‘ಬೊಮ್ಮಾಯಿ ಕೇಸ್, ತೊಂಬತ್ನಾಲ್ಕು, ಒಂಬತ್ತು ಜನ ಜಡ್ಜು’. ಆ ಮುನ್ನುಡಿ ಕಂಡು ‘ಇದಾಗಲೇ ಬರೆದಾಯ್ತಲ್ಲ’ ಎಂದು ಮುಂದಿನ ಎರಡನ್ನು ಹಾರಿಸಿದರೆ ತೀರ್ಪಿನ ಮೂರನೇ ಒಂದು ಭಾಗವಷ್ಟೇ ಉಳಿಯುತ್ತದೆ. ಹಾಗಾಗಿ ಪಠ್ಯವನ್ನು ಮೇಲಿನಿಂದ ಕೆಳಕ್ಕೆ ಒಂದೇ ಓಟದಲ್ಲಿ ಸೋಸುವುದಕ್ಕಿಂತ, ಪ್ರಕರಣದ ಹೆಸರು ಹಾಕಿ ಹುಡುಕಿ ಮೂರೂ ಜಾಗವನ್ನು ಅಕ್ಕಪಕ್ಕ ಇಟ್ಟುಕೊಳ್ಳುವುದು ವಾಸಿ. ಯಂತ್ರ ಇಳಿಸಿದ ಪಠ್ಯದಲ್ಲಿ ಒಂದು ಕಡೆ ‘ಬೊಂಬಾಯಿ’ ಎಂದೂ ಬಂದಿರಬಹುದು. ಹೆಸರುಗಳಲ್ಲಿ ಯಂತ್ರದ ಕಿವಿ ಮಂದ.

ಇಷ್ಟೆಲ್ಲ ಆದ ಮೇಲೆ ಮೇಲಿನ ತುಣುಕು ಹೀಗೆ ನಿಲ್ಲುತ್ತದೆ:

ವಿಧಿ 356, ರಾಷ್ಟ್ರಪತಿ ಆಳ್ವಿಕೆ. ★
ಕಾರಣ: ರಾಜ್ಯ ಸರ್ಕಾರ ಸಂವಿಧಾನದಂತೆ ನಡೆಯಲಾಗದ ಸ್ಥಿತಿ. ರಾಜ್ಯಪಾಲರ ವರದಿ ಇದ್ದರೂ, ಇಲ್ಲದಿದ್ದರೂ.
ಒಪ್ಪಿಗೆ: 2 ತಿಂಗಳೊಳಗೆ ಎರಡೂ ಸದನ. (352ಕ್ಕೆ 1 ತಿಂಗಳು.)
ಅವಧಿ: ಒಂದು ಸಲಕ್ಕೆ 6 ತಿಂಗಳು, ಘೋಷಣೆಯ ದಿನದಿಂದ. ಗರಿಷ್ಠ 3 ವರ್ಷ.
1 ವರ್ಷದ ನಂತರ ಎರಡು ಷರತ್ತು: ______

ನಕ್ಷತ್ರ ‘ಬಂದೇ ಬರುತ್ತೆ’ ಎಂಬ ಮಾತಿನದು. ವಿಷಯವಲ್ಲವೆಂದು ಅದನ್ನು ಅಳಿಸಿದರೆ ತರಗತಿಗೆ ಹೋದದ್ದರ ಲಾಭದಲ್ಲಿ ಒಂದು ಪಾಲು ಹೋದಂತೆ. ಖಾಲಿ ಗೆರೆ ‘ನಾಳೆ ಹೇಳ್ತೀನಿ’ಗೆ. ಮರುದಿನದ ಪಾಠದಲ್ಲಿ ಅದು ಬಂದರೆ ತುಂಬಬಹುದು, ಬಾರದಿದ್ದರೆ ಪುಸ್ತಕ ನೋಡಬೇಕು: ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ತುರ್ತುಪರಿಸ್ಥಿತಿ ಜಾರಿಯಲ್ಲಿರಬೇಕು, ಜೊತೆಗೆ ಚುನಾವಣೆ ನಡೆಸುವುದು ಕಷ್ಟವೆಂದು ಚುನಾವಣಾ ಆಯೋಗ ದೃಢಪಡಿಸಬೇಕು. 1978ರ 44ನೇ ತಿದ್ದುಪಡಿಯಿಂದ ಬಂದ ಷರತ್ತುಗಳಿವು. ಎರಡೂ ಕೂಡಿಯೇ ಇರಬೇಕು ಎಂಬುದನ್ನು ಮರೆಯದೆ ಬರೆಯಬೇಕು, ನಡುವೆ ‘ಅಥವಾ’ ನುಸುಳಿದರೆ ಅರ್ಥ ಬೇರೆಯಾಗುತ್ತದೆ.

ಟಿಪ್ಪಣಿ ನೆಟ್ಟಗಿದೆಯೇ ಎಂದು ತಿಳಿಯಲು ಮೊದಲು ಪೆನ್ಸಿಲಿನಲ್ಲಿ ಗುರುತು ಮಾಡಿದ ಸಂಖ್ಯೆಗಳನ್ನೂ ತಿರುವುಗಳನ್ನೂ ಒಂದೊಂದಾಗಿ ಹೊಡೆದುಹಾಕುತ್ತ ಬನ್ನಿ. ಟಿಪ್ಪಣಿಯಲ್ಲಿ ಜಾಗ ಸಿಗದ ಗುರುತು ಉಳಿದರೆ ಏನೋ ಬಿಟ್ಟುಹೋಗಿದೆ. ಟಿಪ್ಪಣಿಯಲ್ಲಿದ್ದು ಪಠ್ಯದಲ್ಲಿ ಗುರುತಿಲ್ಲದ ಸಂಖ್ಯೆ ಕಂಡರೆ ಅದು ಎಲ್ಲಿಂದ ಬಂತೆಂದು ಕೇಳಿಕೊಳ್ಳಬೇಕು. ಪ್ರತಿ ಟಿಪ್ಪಣಿಯ ಪಕ್ಕದಲ್ಲಿ ಮುದ್ರಣದ ನಿಮಿಷವನ್ನು ಬರೆದಿಟ್ಟಿದ್ದರೆ ಸಂಶಯ ಬಂದಾಗ ಅಷ್ಟನ್ನೇ ಮತ್ತೆ ಕೇಳಬಹುದು.

ಒಂದು ಜಾತಿಯ ಮಾತು ಮಾತ್ರ ಈ ಕ್ರಮಕ್ಕೆ ಒಗ್ಗುವುದಿಲ್ಲ: ‘ಇಲ್ಲಿ ನೋಡಿ, ಇದು ಹಿಂಗೆ ಬಂದು ಇದಕ್ಕೆ ಸೇರುತ್ತೆ’. ಆಗ ಮೇಷ್ಟ್ರ ಬೆರಳು ಬೋರ್ಡಿನ ಮೇಲಿತ್ತು, ಪಠ್ಯದಲ್ಲಿ ಬೆರಳಿಲ್ಲ. ವಿಡಿಯೊ ಇದ್ದರೆ ಆ ನಿಮಿಷದ ಚಿತ್ರ ತೆಗೆದು ಟಿಪ್ಪಣಿಗೆ ಅಂಟಿಸಬೇಕು. ಬರೀ ಧ್ವನಿ ಇದ್ದರೆ ಪಕ್ಕದ ಬೆಂಚಿನವರ ನೋಟ್‌ಬುಕ್ ಕೇಳುವುದೇ ಗತಿ.